ಗೀಸರಿನ ಹಳದಿ ಜ್ವಾಲೆ ಏನು ಹೇಳುತ್ತದೆ?

ಮುಂಬೈ, ಪುಣೆಯ ಬಾಡಿಗೆ ಮನೆಗಳಲ್ಲಿ ಇರುವ ನಿಮ್ಮಲ್ಲಿ ಹಲವರ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇರಬಹುದು. ಎಲ್‌ಪಿಜಿ ಸಿಲಿಂಡರಿಗೆ ಜೋಡಿಸಿದ, ನಲ್ಲಿ ತಿರುಗಿಸಿದ ಕೂಡಲೇ ಹೊತ್ತಿಕೊಳ್ಳುವ ಚಿಕ್ಕ ಡಬ್ಬಿ ಅದು. ಅದರ ಮುಂಭಾಗದಲ್ಲಿ ಒಂದು ಸಣ್ಣ ಕಿಂಡಿ ಇರುತ್ತದೆ. ನೀರು ಬಿಸಿಯಾಯಿತಾ ಅಂತ ಎಲ್ಲರೂ ನೋಡುತ್ತೇವೆ, ಆ ಕಿಂಡಿಯೊಳಗೆ ಬಗ್ಗಿ ನೋಡುವವರು ಕಡಿಮೆ. ಅಲ್ಲಿ ಕಾಣುವ ಜ್ವಾಲೆಯ ಬಣ್ಣ ತುಂಬಾ ಹೇಳುತ್ತದೆ.

ಶಾಲೆಯ ಬುನ್ಸೆನ್ ಬರ್ನರ್ ನೆನಪು ಮಾಡಿಕೊಳ್ಳಿ. ಕೆಳಗಿನ ಗಾಳಿಯ ತೂತು ತೆರೆದಿದ್ದರೆ ಜ್ವಾಲೆ ನೀಲಿ, ಗಿಡ್ಡ, ಚೂಪು. ತೂತು ಮುಚ್ಚಿದರೆ ಅದೇ ಗ್ಯಾಸು ಹಳದಿಯಾಗಿ, ಉದ್ದವಾಗಿ, ಸೋಮಾರಿಯಂತೆ ಓಲಾಡುತ್ತದೆ. ಸಾಕಷ್ಟು ಆಮ್ಲಜನಕ ಸಿಗದೆ ಉರಿಯದೆ ಉಳಿದ ಇಂಗಾಲದ ಕಣಗಳು ಕಾದು ಹೊಳೆಯುವುದೇ ಆ ಹಳದಿ. ಅವು ತಣ್ಣಗಾದಾಗ ಮಸಿ ಆಗುತ್ತವೆ. ಇಂಗಾಲ ಪೂರ್ತಿ ಉರಿದರೆ ಕಾರ್ಬನ್ ಡೈಆಕ್ಸೈಡ್, ಅರ್ಧಂಬರ್ಧ ಉರಿದರೆ ಕಾರ್ಬನ್ ಮೋನಾಕ್ಸೈಡ್. ಈ ಎರಡನೆಯದೇ ವಿಷ.

ಗೀಸರಿನಲ್ಲಿ ಇದು ಎರಡು ಕಾರಣಕ್ಕೆ ಆಗುತ್ತದೆ. ಒಂದು, ಬರ್ನರಿನ ಗಾಳಿ ಎಳೆಯುವ ದಾರಿಯಲ್ಲಿ ಧೂಳು, ಜೇಡರ ಬಲೆ ಕಟ್ಟಿಕೊಂಡಿರುತ್ತದೆ. ಇನ್ನೊಂದು, ಬಚ್ಚಲಲ್ಲೇ ಗಾಳಿ ಸಾಲದಿರುತ್ತದೆ. ಜ್ವಾಲೆ ಉದ್ದವಾದಾಗ ಅದರ ತುದಿ ಮೇಲಿನ ತಾಮ್ರದ ತಗಡುಗಳಿಗೆ ತಾಗುತ್ತದೆ. ಅವುಗಳೊಳಗೆ ತಣ್ಣೀರು ಹರಿಯುತ್ತಿರುವುದರಿಂದ ಉರಿ ಅಲ್ಲೇ ಅರ್ಧಕ್ಕೆ ತಣಿದು, ಮಸಿ ಕೂರುತ್ತದೆ. ಮಸಿ ಹೊಗೆಯ ದಾರಿಯನ್ನು ಕಟ್ಟುತ್ತದೆ, ದಾರಿ ಕಟ್ಟಿದಷ್ಟೂ ಉರಿ ಇನ್ನಷ್ಟು ಕೆಡುತ್ತದೆ.

ಒಂದು ಲೆಕ್ಕ ಹಾಕೋಣ. 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರದ ಗುಸಲ್‌ಖಾನೆಯಲ್ಲಿ ಸುಮಾರು 5,400 ಲೀಟರ್ ಗಾಳಿ ಇರುತ್ತದೆ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಗಂಟೆಗೆ ಹತ್ತಿರ ಹತ್ತಿರ 1 ಕಿಲೋ ಗ್ಯಾಸ್ ಸುಡುತ್ತದೆ. ಅಂದರೆ 15 ನಿಮಿಷಕ್ಕೆ 250 ಗ್ರಾಂ, ಅದಕ್ಕೆ ಬೇಕಾದ ಗಾಳಿ ಸುಮಾರು 3,000 ಲೀಟರ್. ಬಾಗಿಲು, ಕಿಟಕಿ ಬಿಗಿಯಾಗಿ ಮುಚ್ಚಿದ್ದರೆ ನಾಲ್ಕೇ ನಿಮಿಷದಲ್ಲಿ ಆಮ್ಲಜನಕ ಶೇ. 21ರಿಂದ 18ರ ಹತ್ತಿರಕ್ಕೆ ಇಳಿಯಬಹುದು. ಉರಿ ಕೆಡಲು ಅಷ್ಟು ಸಾಕು. ಬಾಗಿಲ ಸಂದಿಯಿಂದ ಸ್ವಲ್ಪ ಗಾಳಿ ಬರುತ್ತದೆ, ನಿಜ. ಚಳಿ ಅಂತ ಆ ಸಂದಿಗೂ ಬಟ್ಟೆ ತುರುಕಿದರೆ ಅದೂ ಇಲ್ಲ.

ಹಾಗಾದರೆ ಯಾವಾಗ ನಿಲ್ಲಿಸಬೇಕು? ಧೂಳು, ನೀರಿನ ಉಪ್ಪಿನಂಶದಿಂದ ಕ್ಷಣಕಾಲ ಕಿತ್ತಳೆ ಕಿಡಿ ಮಿಂಚಿ ಹೋದರೆ ಗಾಬರಿ ಬೇಡ. ಜ್ವಾಲೆ ಹಳದಿಯಾಗಿಯೇ ಉಳಿದರೆ, ಡಬ್ಬಿಯ ಮೇಲೆ ಅಥವಾ ಹತ್ತಿರದ ಗೋಡೆಗೆ ಕಪ್ಪು ಹಿಡಿದಿದ್ದರೆ, ಉರಿ ಮುಂದಕ್ಕೆ ಚಾಚಿದರೆ ಅದೇ ಕ್ಷಣ ಆರಿಸಿ. "ಇವತ್ತೊಂದು ಸ್ನಾನ ಆಗಿಬಿಡಲಿ" ಅನ್ನಬೇಡಿ. ಸ್ನಾನದಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಹೊರಗೆ ಬಂದ ಮೇಲೆ ಕಡಿಮೆಯಾದರೆ ಜ್ವಾಲೆಯ ಬಣ್ಣ ಏನೇ ಇರಲಿ, ನಿಲ್ಲಿಸಿ. ಯಾಕೆಂದರೆ ನೀಲಿ ಜ್ವಾಲೆ ಪೂರ್ತಿ ಖಾತರಿ ಅಲ್ಲ, ಗಾಳಿಯಿಲ್ಲದ ಕೋಣೆಯಲ್ಲಿ ನೀಲಿಯಾಗಿ ಉರಿದೂ ವಿಷ ಹುಟ್ಟಬಹುದು. ವಾಸನೆಯನ್ನೂ ನಂಬಬೇಡಿ. ಸೋರುವ ಎಲ್‌ಪಿಜಿಗೆ ವಾಸನೆ ಬೆರೆಸಿರುತ್ತಾರೆ, ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಆರಿಸಿದ ಮೇಲೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆಯಿರಿ. ಮೆಕ್ಯಾನಿಕ್ ಬಂದು ಬರ್ನರ್, ಜೆಟ್, ತಾಮ್ರದ ತಗಡು ಮೂರನ್ನೂ ಸ್ವಚ್ಛ ಮಾಡುವ ತನಕ ಹಚ್ಚಬೇಡಿ. ಸ್ವಚ್ಛ ಮಾಡಿಸಿದರೂ ಮುಚ್ಚಿದ ಬಚ್ಚಲಿನ ಸಮಸ್ಯೆ ಹಾಗೇ ಉಳಿಯುತ್ತದೆ. ಡಬ್ಬಿಯನ್ನು ತೆರೆದ ಬಾಲ್ಕನಿಗೆ ಸಾಗಿಸಿ, ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತರುವುದೇ ಸರಿಯಾದ ದಾರಿ. ಅಲ್ಲಿಯವರೆಗೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಬಚ್ಚಲಿನ ಗಾಳಿ ಬದಲಾದ ಮೇಲೆ ಸ್ನಾನಕ್ಕೆ ಇಳಿಯಿರಿ ಅಂತ ಹಲವರು ಹೇಳುತ್ತಾರೆ. ಕೆಟ್ಟಿಲ್ಲದ ಗೀಸರಿಗೆ ಇದು ಸರಿ, ಹಳದಿ ಉರಿಯುವ ಗೀಸರಿಗೆ ಅಲ್ಲ.

ಯಾರಾದರೂ ಒಳಗೆ ಬಿದ್ದಿದ್ದರೆ ಬಾಗಿಲು ತೆರೆದು ಬೇಗ ಹೊರಗೆ ಎಳೆದು ತನ್ನಿ, ಅಲ್ಲೇ ನಿಂತು ಉಪಚರಿಸಬೇಡಿ. 112ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ "ಗ್ಯಾಸ್ ಗೀಸರ್ ಹಚ್ಚಿತ್ತು" ಎಂದು ಮೊದಲೇ ಹೇಳಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿತು ಅಂತ ನಿರಾಳ ಆಗಬೇಡಿ. ಈ ವಿಷ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಆ ಸಾಧನಕ್ಕೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ವೈದ್ಯರು ರಕ್ತ ಪರೀಕ್ಷೆಯಿಂದಲೇ ತಿಳಿಯಬೇಕು. ಅವರಿಗೆ ಆ ಸಂಶಯ ಬರಬೇಕಾದರೆ ಗೀಸರಿನ ಮಾತು ನಿಮ್ಮ ಬಾಯಿಂದ ಬರಬೇಕು.