ಬೂದಿ ಮುಚ್ಚಿದ ಭಯ

ಸಿಟ್ಟನ್ನು ನುಂಗಿಕೊಂಡೆ ಎನ್ನುತ್ತೇವೆ, ದುಃಖವನ್ನು ತಡೆದುಕೊಂಡೆ ಎನ್ನುತ್ತೇವೆ. ಭಯದ ವಿಷಯಕ್ಕೆ ಬಂದಾಗ ಮಾತ್ರ ಭಯ ಹೋಯಿತು ಎನ್ನುತ್ತೇವೆ. ನುಂಗಿದ ಸಿಟ್ಟು ಒಳಗೆ ಇದ್ದೇ ಇದೆಯೆಂದು ಮಾತಿನಲ್ಲೇ ಒಪ್ಪಿಕೊಳ್ಳುವ ನಾವು, ಹೋದ ಭಯವು ಮರಳಿ ಬಾರದಂತೆ ಹೋಯಿತೆಂದು ನಂಬುತ್ತೇವೆ. ಹೋದ ಭಯ ನಿಜವಾಗಿ ಎಲ್ಲಿಗೆ ಹೋಗುತ್ತದೆ? ಮಿದುಳನ್ನು ಅಭ್ಯಸಿಸುವ ವಿಜ್ಞಾನಿಗಳು ಈ ಪ್ರಶ್ನೆಗೆ ಕಂಡುಕೊಂಡ ಉತ್ತರ ವಿಚಾರಯೋಗ್ಯವಾದುದು.

ಮಿದುಳಿನ ಒಳಭಾಗದಲ್ಲಿ, ಕಿವಿಗಳ ಮಟ್ಟಕ್ಕೆ ಸ್ವಲ್ಪ ಮುಂದೆ, ಎಡಕ್ಕೊಂದು ಬಲಕ್ಕೊಂದು ಬಾದಾಮಿ ಬೀಜದಾಕಾರದ ನರಕೋಶಗಳ ಗುಂಪುಗಳಿವೆ. ಇವಕ್ಕೆ ಅಮಿಗ್ಡಲ ಎಂದು ಹೆಸರು. ಇವೂ, ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಎಂಬ ಭಾಗವೂ, ನೆರೆಯ ಇನ್ನು ಕೆಲವು ಭಾಗಗಳೂ ಕೂಡಿದ್ದನ್ನು ಅಮೆರಿಕದ ಪಾಲ್ ಮ್ಯಾಕ್ಲೀನ್ 1952ರಲ್ಲಿ ಲಿಂಬಿಕ್ ವ್ಯೂಹವೆಂದು ಕರೆದನು. ಹಣೆಯ ಹಿಂದೆ ಇರುವ ಹೊರಪದರವೇ ಪ್ರಿಫ್ರಾಂಟಲ್ ಕಾರ್ಟೆಕ್ಸ್. ಮೊದಲನೆಯದು ಭಾವದ ಕುದುರೆ, ಎರಡನೆಯದು ವಿವೇಕದ ಸಾರಥಿ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಲಗಾಮು ಯಾವುದು, ಅದನ್ನು ಎಳೆದಾಗ ಆಗುವುದೇನು ಎಂದು ನೋಡತೊಡಗಿದರೆ ಚಿತ್ರ ಬೇರೆಯಾಗುತ್ತದೆ.

ಸುಳಿವು ಮೊದಲು ದೊರೆತದ್ದು ರಷ್ಯದ ಪಾವ್ಲೋವನಿಗೆ. ಸದ್ದು ಕೇಳಿದೊಡನೆ ಆಹಾರ ಬರುವುದನ್ನು ಕಲಿತ ನಾಯಿ, ಸದ್ದಿಗೇ ಜೊಲ್ಲು ಸುರಿಸುತ್ತದೆ. ಆಹಾರ ಕೊಡದೆ ಸದ್ದನ್ನು ಮಾತ್ರ ಮತ್ತೆ ಮತ್ತೆ ಕೇಳಿಸಿದರೆ ಜೊಲ್ಲು ನಿಲ್ಲುತ್ತದೆ. ಕಲಿತದ್ದು ಅಳಿಯಿತೆಂದುಕೊಳ್ಳಬೇಕು. ಆದರೆ ನಾಯಿಗೆ ಕೆಲಕಾಲ ವಿಶ್ರಾಂತಿ ಕೊಟ್ಟು ಮತ್ತೆ ಸದ್ದು ಮಾಡಿದಾಗ, ಯಾರೂ ಹೊಸದಾಗಿ ಕಲಿಸದೆಯೇ, ಜೊಲ್ಲು ಮತ್ತೆ ಬಂದಿತು. ಅಳಿದದ್ದು ಮರಳಿ ಬರಲಾರದು; ಮರಳಿ ಬಂದುದು ಅಳಿದಿರಲಾರದು. ಹಳೆಯ ಪಾಠದ ಮೇಲೆ ಏನೋ ಒಂದು ತಡೆ ಬಿದ್ದಿದ್ದಿತು, ಅಷ್ಟೆ.

ಈ ತಡೆ ಮಿದುಳಿನಲ್ಲಿ ಎಲ್ಲಿಂದ ಬರುತ್ತದೆಂಬುದನ್ನು ಇಲಿಗಳ ಮೇಲೆ ನಡೆದ ಪ್ರಯೋಗಗಳು ತೋರಿಸಿದವು. ಇಲಿಗೆ ಒಂದು ಧ್ವನಿಯನ್ನು ಕೇಳಿಸಿ, ಅದು ಮುಗಿಯುವ ಹೊತ್ತಿಗೆ ಕಾಲಿಗೆ ಸಣ್ಣ ವಿದ್ಯುದಾಘಾತ ಕೊಡುತ್ತಾರೆ. ಕೆಲವೇ ಸಲದಲ್ಲಿ ಇಲಿ ಆ ಧ್ವನಿಗೆ ಮೈಮರಗಟ್ಟಿ ನಿಲ್ಲುವುದನ್ನು ಕಲಿಯುತ್ತದೆ. ಬಳಿಕ ಆಘಾತವಿಲ್ಲದೆ ಧ್ವನಿಯನ್ನು ಮಾತ್ರ ಹಲವು ಬಾರಿ ಕೇಳಿಸಿದರೆ ಭಯ ಇಳಿಯುತ್ತದೆ. ಪ್ರಿಫ್ರಾಂಟಲ್ ಕಾರ್ಟೆಕ್ಸಿನ ಕೆಳ ಒಳಮೈಯನ್ನು ಮೊದಲೇ ನಾಶಪಡಿಸಿದ್ದ ಇಲಿಗಳನ್ನು ಗ್ರೆಗರಿ ಕ್ವರ್ಕ್ ಮತ್ತು ಸಂಗಡಿಗರು 2000ದಲ್ಲಿ ಹೀಗೆ ಪರೀಕ್ಷಿಸಿದರು. ಆಶ್ಚರ್ಯವೆಂದರೆ, ಆ ಇಲಿಗಳ ಭಯವೂ ಮೊದಲ ದಿನ ಉಳಿದ ಇಲಿಗಳಂತೆಯೇ ಇಳಿಯಿತು. ವ್ಯತ್ಯಾಸ ಕಂಡದ್ದು ಮರುದಿನ. ಆರೋಗ್ಯವಂತ ಇಲಿಗಳು ಧ್ವನಿಯನ್ನು ಬಹುಮಟ್ಟಿಗೆ ಶಾಂತವಾಗಿ ಕೇಳಿದವು. ಗಾಯಗೊಂಡವು ಹಿಂದಿನ ದಿನದ ಸಮಾಧಾನವನ್ನು ಕಂಡೇ ಇರದಂತೆ ಮತ್ತೆ ಮರಗಟ್ಟಿದವು. ಭಯವಿಲ್ಲವೆಂಬುದು ಅವಕ್ಕೆ ಆ ಹೊತ್ತಿಗೆ ತಿಳಿದಿತ್ತು. ಅದನ್ನು ನಾಳೆಗೆ ಉಳಿಸಿಕೊಳ್ಳುವ ಶಕ್ತಿ ಇರಲಿಲ್ಲ.

ಎರಡು ವರ್ಷಗಳ ಅನಂತರ, 2002ರಲ್ಲಿ, ಮೊಹಮ್ಮದ್ ಮಿಲಾದ್ ಮತ್ತು ಕ್ವರ್ಕ್ ಇಬ್ಬರೂ ಅದೇ ಜಾಗದ ನರಕೋಶಗಳ ಮಿಡಿತವನ್ನು ಅಳೆದರು. ಭಯ ಕಲಿಯುವಾಗ ಆ ಕೋಶಗಳು ಧ್ವನಿಗೆ ಓಗೊಡಲಿಲ್ಲ. ಭಯ ಇಳಿದ ಮರುದಿನ ಅದೇ ಧ್ವನಿಗೆ ಓಗೊಟ್ಟವು. ಯಾವ ಇಲಿಯಲ್ಲಿ ಹೆಚ್ಚು ಓಗೊಟ್ಟವೋ ಆ ಇಲಿ ಕಡಿಮೆ ಹೆದರಿತು. ಇನ್ನೂ ಭಯ ಇಳಿಯದ ಇಲಿಗಳಲ್ಲಿ, ಧ್ವನಿ ಆರಂಭವಾದೊಡನೆ ಆ ಜಾಗಕ್ಕೆ ಕ್ಷಣಮಾತ್ರ ವಿದ್ಯುತ್ತನ್ನು ಹಾಯಿಸಿದಾಗ, ಅವುಗಳ ಭಯವೂ ತಗ್ಗಿತು.

ತಡೆ ಬೀಳುವ ಬಗೆ ಹೀಗೆ. ಕಿವಿಯಿಂದ ಬಂದ ಸುದ್ದಿ ಅಮಿಗ್ಡಲದ ಪಕ್ಕದ ಕೋಣೆಗೆ ಬರುತ್ತದೆ. ಧ್ವನಿಗೂ ನೋವಿಗೂ ಗಂಟು ಬೀಳುವುದು ಅಲ್ಲಿ. ಮೈಮರಗಟ್ಟಿಸುವ, ಎದೆ ಬಡಿತ ಏರಿಸುವ ಆಜ್ಞೆಗಳು ಹೊರಡುವುದು ಅದರ ನಡುವಣ ಕೋಣೆಯಿಂದ. ಇವೆರಡರ ಮಧ್ಯೆ, ಪಡಸಾಲೆಯ ಕಾವಲುಗಾರರಂತೆ, ಸಣ್ಣ ನರಕೋಶಗಳ ಗುಂಪುಗಳಿವೆ; ಇತರ ಕೋಶಗಳನ್ನು ಸುಮ್ಮನಾಗಿಸುವುದೇ ಅವುಗಳ ಕೆಲಸ. ಪ್ರಿಫ್ರಾಂಟಲ್ ಕಾರ್ಟೆಕ್ಸ್ ಈ ಕಾವಲುಗಾರರನ್ನು ಎಚ್ಚರಿಸುತ್ತದೆ, ಅವು ಆಜ್ಞೆಯನ್ನು ತಡೆಯುತ್ತವೆ ಎಂಬುದು ಪ್ರಮುಖ ವಿವರಣೆ. ಪಕ್ಕದ ಕೋಣೆಯಲ್ಲಿ ಬಿದ್ದ ಗಂಟು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಕೆಂಡ ಆರಿಲ್ಲ, ಮೇಲೆ ಬೂದಿ ಮುಚ್ಚಿದೆ.

ಆದರೂ ಸಾರಥಿ ಸದಾ ಲಗಾಮು ಹಿಡಿದೇ ಇರುತ್ತಾನೆಂದು ತಿಳಿಯಬಾರದು. ಬೆಳಕಿನ ಮೂಲಕ ನರಕೋಶಗಳನ್ನು ಕ್ಷಣಕಾಲ ಸುಮ್ಮನಾಗಿಸುವ ವಿಧಾನ ಬಂದ ಮೇಲೆ, 2015ರಲ್ಲಿ ಕ್ವರ್ಕನ ಪ್ರಯೋಗಶಾಲೆಯೇ ತನ್ನ ಹಳೆಯ ಮಾತನ್ನು ತಿದ್ದಿಕೊಂಡಿತು. ಭಯ ಇಳಿಸುವ ಪಾಠ ನಡೆಯುವಾಗ ಆ ಜಾಗವನ್ನು ಸುಮ್ಮನಾಗಿಸಿದರೆ ಮರುದಿನ ಭಯ ಮರಳುತ್ತದೆ. ಪಾಠ ಮುಗಿದು ಮರುದಿನ ನೆನಪಿಸಿಕೊಳ್ಳುವಾಗ ಸುಮ್ಮನಾಗಿಸಿದರೆ ಅಷ್ಟಾಗಿ ಏನೂ ಆಗುವುದಿಲ್ಲ. ಎಂದರೆ ಆ ಭಾಗದ ಮುಖ್ಯ ಕೆಲಸ ಸಮಾಧಾನವನ್ನು ಬರೆದಿಡುವುದು. ದಿನದಿನವೂ ಓದಿ ಹೇಳುವುದಲ್ಲ. ಮನುಷ್ಯನ ಮಿದುಳಿನಲ್ಲಿಯೂ ಹೋಲುವ ಜಾಗವೊಂದು ಭಯ ಇಳಿದುದನ್ನು ನೆನೆಯುವಾಗ ಕೆಲಸ ಮಾಡುವುದನ್ನು ಎಲಿಜಬೆತ್ ಫೆಲ್ಪ್ಸ್ ಮತ್ತು ಸಂಗಡಿಗರು 2004ರಲ್ಲಿ ಕಂಡರು. ಆದರೆ ಇಲಿಯ ಆ ಜಾಗಕ್ಕೆ ಮನುಷ್ಯನಲ್ಲಿ ಸರಿಸಮವಾದುದು ಯಾವುದೆಂಬ ಚರ್ಚೆ ಮುಗಿದಿಲ್ಲ.

ಈಗ ನಾಯಿ ಕಚ್ಚಿದ ಬಾಲಕನೊಬ್ಬನನ್ನು ಊಹಿಸಿಕೊಳ್ಳೋಣ. ಈ ನಾಯಿ ಏನೂ ಮಾಡುವುದಿಲ್ಲ ಕಣೋ ಎಂದು ಹಿರಿಯರು ಎಷ್ಟು ಹೇಳಿದರೂ ಅವನು ನಡುಗುತ್ತಾನೆ. ಅವನು ದಡ್ಡನಲ್ಲ, ಮಾತನ್ನು ತೂಗಿ ನೋಡುವ, ಹಣೆಯ ಹೊರಬದಿಯ ಕಾರ್ಟೆಕ್ಸಿನಿಂದ ಅಮಿಗ್ಡಲಕ್ಕೆ ನೇರ ಹಾದಿಗಳು ಬಹಳ ಕಡಿಮೆ. ಸಾಧು ನಾಯಿಯೊಂದರ ಬಳಿ ಅವನನ್ನು ಮೆಲ್ಲಮೆಲ್ಲನೆ ಕರೆದೊಯ್ದು, ಕಚ್ಚಲಿಲ್ಲವೆಂಬುದು ಅನುಭವಕ್ಕೆ ಬರುವವರೆಗೆ ನಿಲ್ಲಿಸಿದರೆ ಹೊಸ ಪಾಠ ಬರೆಯಲ್ಪಡುತ್ತದೆ. ನಡುವೆ ಓಡಿಹೋದರೆ ಆ ಪಾಠ ಅರ್ಧಕ್ಕೇ ನಿಲ್ಲುತ್ತದೆ. ಓಡಿದ್ದರಿಂದ ಉಳಿದೆನೆಂಬುದೇ ಪಾಠವಾಗುತ್ತದೆ.

ಹಲವು ದಿನಗಳಲ್ಲಿ ಮನೆಯಂಗಳದಲ್ಲಿ ಅವನು ನಾಯಿಯ ತಲೆ ಸವರುತ್ತಾನೆ. ಭಯ ಹೋಯಿತೆಂದು ಎಲ್ಲರಿಗೂ ಸಂತೋಷ. ಆಮೇಲೆ ಬೇರೊಂದು ಬೀದಿಯಲ್ಲಿ ನಾಯಿ ಕಂಡೊಡನೆ ಅವನು ಮತ್ತೆ ಮರಗಟ್ಟುತ್ತಾನೆ. ಇದಕ್ಕೆ ಕಾರಣ ಲಿಂಬಿಕ್ ವ್ಯೂಹದ್ದೇ ಇನ್ನೊಂದು ಅಂಗವಾದ ಹಿಪೊಕ್ಯಾಂಪಸ್. ಇದು ಯಾವ ಸ್ಥಳ ಎಂದು ಪ್ರಿಫ್ರಾಂಟಲ್ ಕಾರ್ಟೆಕ್ಸಿಗೂ ಅಮಿಗ್ಡಲಕ್ಕೂ ತಿಳಿಸುವುದು ಅದು. ಭಯದ ಪಾಠ ಎಲ್ಲ ಸ್ಥಳಗಳಿಗೂ ಸುಲಭವಾಗಿ ಹರಡುತ್ತದೆ. ಸಮಾಧಾನದ ಪಾಠ ಕಲಿತ ಸ್ಥಳಕ್ಕೆ ಅಂಟಿಕೊಳ್ಳುತ್ತದೆ. ಆದಕಾರಣ ಅಂಗಳ, ಬೀದಿ, ಸಂತೆ ಎಂದು ಹಲವೆಡೆ, ಹಲವು ನಾಯಿಗಳೊಡನೆ ಪಾಠವನ್ನು ಮತ್ತೆ ಮಾಡಬೇಕು. ಕುದುರೆಗಳಲ್ಲೊಂದೇ ಸಾರಥಿಗೆ ದಾರಿ ಹೇಳುತ್ತಿರುವಾಗ ಹಳೆಯ ರಥದ ಉಪಮೆ ಇಲ್ಲಿ ನಿಲ್ಲುವುದಿಲ್ಲ.

ಕಾಲ ಕಳೆದಾಗ, ಮತ್ತೊಂದು ಆಘಾತವಾದಾಗ, ತೀವ್ರ ಒತ್ತಡದಲ್ಲಿರುವಾಗಲೂ ಭಯ ಮರಳಬಹುದು. ಒತ್ತಡದಲ್ಲಿ ಮಿದುಳಿನೊಳಗೆ ನೋರಡ್ರಿನಲಿನ್, ಡೋಪಮಿನ್ ಎಂಬ ರಾಸಾಯನಿಕಗಳು ಉಕ್ಕಿ, ಪ್ರಿಫ್ರಾಂಟಲ್ ಕಾರ್ಟೆಕ್ಸಿನ ಕೆಲಸವನ್ನು ಕುಂದಿಸುತ್ತವೆ, ಅಮಿಗ್ಡಲವನ್ನೋ ಚುರುಕುಗೊಳಿಸುತ್ತವೆ. ಬೂದಿಯನ್ನು ಗಾಳಿ ಹಾರಿಸುವುದು ಹೀಗೆ. ಇಂಥ ವೇಳೆಯಲ್ಲಿ ಬಾಲಕನನ್ನು ಪುಕ್ಕಲನೆಂದು ಹಳಿಯುವವರು, ಹಿಂದಿನ ಶ್ರಮವೆಲ್ಲ ವ್ಯರ್ಥವಾಯಿತೆಂದು ಕೈಚೆಲ್ಲುವವರು, ಇಬ್ಬರೂ ತಪ್ಪುತ್ತಾರೆ. ಅಳಿದುಹೋಗಬೇಕಾದ ಭಯ ಮರಳಿತೆಂದಲ್ಲ. ಅಳಿಯದೆ ಇದ್ದ ಭಯದ ಮೇಲಿನ ತಡೆ ಸಡಿಲಿತು. ಬರೆದಿಟ್ಟ ಸಮಾಧಾನವೂ ಅಲ್ಲಿಯೇ ಇದೆ. ಎರಡನೆಯ ಸಲ ಅದನ್ನು ಕಲಿಯುವುದು ಸಾಮಾನ್ಯವಾಗಿ ಮೊದಲ ಸಲಕ್ಕಿಂತ ಸುಲಭ.