ಕ್ಲಿಪ್ಪು ಮುರಿಯುತ್ತದೆ, ಮುಚ್ಚಳ ಯಾಕೆ ಹರಿಯುವುದಿಲ್ಲ?

ರಬ್ಬರ್ ಬ್ಯಾಂಡ್ ಸುತ್ತಿಕೊಂಡ ಟಿವಿ ರಿಮೋಟು ನಮ್ಮ ಎಷ್ಟೋ ಮನೆಗಳಲ್ಲಿದೆ. ಹಿಂಬದಿಯ ಬ್ಯಾಟರಿ ಮುಚ್ಚಳದ ಕ್ಲಿಪ್ಪು ಮುರಿದಿರುತ್ತದೆ; ಬೈಸಿಕೊಳ್ಳುವವರು ಮಕ್ಕಳು. ಅದೇ ಮನೆಯ ಬಚ್ಚಲಿನಲ್ಲಿ ಶಾಂಪೂ ಬಾಟಲಿಯ ಮುಚ್ಚಳವಿದೆ. ಅದನ್ನು ಹಿಡಿದಿರುವುದು ಪೋಸ್ಟ್‌ಕಾರ್ಡಿನಷ್ಟೇ ದಪ್ಪದ ಒಂದು ಪ್ಲಾಸ್ಟಿಕ್ ಪಟ್ಟಿ. ದಿನವೂ ಮಡಚಿ ಬಿಚ್ಚಿದರೂ, ಬಾಟಲಿ ಖಾಲಿಯಾಗಿ ಕಸಕ್ಕೆ ಹೋದರೂ, ಆ ಪಟ್ಟಿ ಹರಿದಿರುವುದಿಲ್ಲ. ಎರಡೂ ಪ್ಲಾಸ್ಟಿಕ್ಕೇ, ಎರಡೂ ಬಾಗಲೆಂದೇ ಮಾಡಿದವು. ಆದರೂ ಎರಡರ ಲೆಕ್ಕ ಬೇರೆ ಬೇರೆ.

ಮೊದಲು ಕ್ಲಿಪ್ಪನ್ನು ನೋಡೋಣ. ಅದು ಒಂದು ಪುಟ್ಟ ತೋಳು, ತುದಿಯಲ್ಲೊಂದು ಕೊಕ್ಕೆ. ಮುಚ್ಚಳ ಒತ್ತಿದಾಗ ಕೊಕ್ಕೆ ಅಂಚನ್ನು ದಾಟುವಷ್ಟು ತೋಳು ಬಾಗುತ್ತದೆ, ದಾಟಿದ ಮೇಲೆ ನೆಟ್ಟಗಾಗಿ ‘ಟಕ್’ ಎಂದು ಕೂರುತ್ತದೆ. ಬಾಗುವಾಗ ತೋಳಿನ ಬುಡದಲ್ಲಿ ಒಂದು ಮೈ ಹಿಗ್ಗುತ್ತದೆ, ಇನ್ನೊಂದು ಮೈ ಕುಗ್ಗುತ್ತದೆ. ಮುರಿಯುತ್ತದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಹಿಗ್ಗುವಿಕೆ. ಅದನ್ನು ಅಂದಾಜು ಮಾಡಲು ಹೈಸ್ಕೂಲಿನ ಗಣಿತ ಸಾಕು: ತೋಳಿನ ದಪ್ಪವನ್ನು ಅದು ಬಾಗಬೇಕಾದ ದೂರದಿಂದ ಗುಣಿಸಿ, ಬಂದದ್ದನ್ನು ಒಂದೂವರೆಯಿಂದ ಗುಣಿಸಿ, ತೋಳಿನ ಉದ್ದದ ವರ್ಗದಿಂದ ಭಾಗಿಸಿ.

ರಿಮೋಟುಗಳನ್ನು ಸಾಮಾನ್ಯವಾಗಿ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾರೆ. ಕ್ಲಿಪ್ಪಿನ ತೋಳು 8 ಮಿಲಿಮೀಟರ್ ಉದ್ದ, 1.5 ಮಿ.ಮೀ. ದಪ್ಪ, ಕೊಕ್ಕೆಯ ಎತ್ತರ 1 ಮಿ.ಮೀ. ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಬುಡದ ಹಿಗ್ಗುವಿಕೆ ಸುಮಾರು ಶೇ. 3.5. ಎಬಿಎಸ್ ಒಂದೇ ಸಲ ಬಾಗುವುದಾದರೆ ಸುಮಾರು ಶೇ. 2.5ರವರೆಗೆ ತಾಳಿಕೊಳ್ಳುತ್ತದೆ, ಮತ್ತೆ ಮತ್ತೆ ಬಾಗಬೇಕಾದರೆ ಶೇ. 1.5 ದಾಟಬಾರದು. ಅಂದರೆ ಈ ಕ್ಲಿಪ್ಪು ಮಕ್ಕಳ ಕೈಗೆ ಸಿಗುವ ಮೊದಲೇ, ಡ್ರಾಯಿಂಗ್ ಹಂತದಲ್ಲೇ ಸೋತಿದೆ.

ಸರಿಪಡಿಸುವುದು ಹೇಗೆ? ಮುರಿದದ್ದನ್ನು ಕಂಡ ಕೂಡಲೇ ‘ಇನ್ನಷ್ಟು ದಪ್ಪ ಮಾಡಿ’ ಎನ್ನುವುದು ಎಲ್ಲರ ಸಹಜ ಬುದ್ಧಿ. ಕ್ಲಿಪ್ಪಿನ ವಿಷಯದಲ್ಲಿ ಅದು ತಲೆಕೆಳಗಾದ ಮದ್ದು. ದಪ್ಪ ಹೆಚ್ಚಿದಷ್ಟೂ ಹಿಗ್ಗುವಿಕೆ ಹೆಚ್ಚುತ್ತದೆ, ಬೇಗ ಮುರಿಯುತ್ತದೆ. 1.5ರ ಬದಲು 1 ಮಿ.ಮೀ. ಮಾಡಿದರೆ ಶೇ. 2.3ಕ್ಕೆ ಇಳಿಯುತ್ತದೆ, ಆದರೂ ಸಾಲದು. ಅಗಲ ಹೆಚ್ಚಿಸಿದರೆ ಒತ್ತಲು ಬೇಕಾದ ಬಲ ಹೆಚ್ಚುತ್ತದೆಯೇ ಹೊರತು ಹಿಗ್ಗುವಿಕೆ ಬದಲಾಗುವುದಿಲ್ಲ. ಕೊಕ್ಕೆ ಸಣ್ಣದು ಮಾಡಿದರೆ ರಿಮೋಟು ಕೈಜಾರಿದಾಗ ಮುಚ್ಚಳ ಹಾರಿಹೋಗುತ್ತದೆ. ಉಳಿದದ್ದು ಉದ್ದ. ಲೆಕ್ಕದಲ್ಲಿ ಅದರ ವರ್ಗ ಕೂತಿರುವುದರಿಂದ ಸ್ವಲ್ಪ ಉದ್ದ ಮಾಡಿದರೂ ಫಲ ದೊಡ್ಡದು. ದಪ್ಪವನ್ನು ಮುಟ್ಟದೆ, ತೋಳನ್ನು 12.5 ಮಿ.ಮೀ. ಮಾಡಿದರೆ ಸಾಕು, ಹಿಗ್ಗುವಿಕೆ ಶೇ. 1.4ಕ್ಕೆ ಬಂದು ನಿಲ್ಲುತ್ತದೆ.

ಪುಟ್ಟ ಮುಚ್ಚಳದಲ್ಲಿ ಅಷ್ಟು ಉದ್ದಕ್ಕೆ ಜಾಗ ಎಲ್ಲಿದೆ ಎಂದು ಕೇಳಬಹುದು. ನಿಮ್ಮ ರಿಮೋಟಿನ ಮುಚ್ಚಳ ತೆಗೆದು ನೋಡಿ: ಎಷ್ಟೋ ಮುಚ್ಚಳಗಳಲ್ಲಿ ಕ್ಲಿಪ್ಪು ನೇರವಾಗಿರದೆ ‘ಯು’ ಆಕಾರದಲ್ಲಿ ಮಡಚಿಕೊಂಡಿರುತ್ತದೆ. ಅಂದಕ್ಕಾಗಿ ಮಾಡಿದ್ದಲ್ಲ. ಅಷ್ಟೇ ಜಾಗದಲ್ಲಿ ಉದ್ದದ ತೋಳನ್ನು ಅಡಗಿಸುವ ಉಪಾಯ ಅದು. ಎರಡೂ ಕಾಲುಗಳು ಸೇರಿ ಬಾಗುವುದರಿಂದ ಯಾವ ಜಾಗಕ್ಕೂ ಅತಿ ಭಾರ ಬೀಳುವುದಿಲ್ಲ. ಇನ್ನೊಂದು ದಾರಿಯೆಂದರೆ ತೋಳನ್ನು ತುದಿಯ ಕಡೆಗೆ ತೆಳುವಾಗಿಸುತ್ತಾ ಹೋಗುವುದು. ಬುಡದ ಅರ್ಧದಷ್ಟು ದಪ್ಪ ತುದಿಯಲ್ಲಿದ್ದರೆ, ಅದೇ ಉದ್ದದ ತೋಳು ಸುಮಾರು ಶೇ. 60ರಷ್ಟು ಹೆಚ್ಚು ಬಾಗಬಲ್ಲದು.

ಲೆಕ್ಕ ಸರಿಯಿದ್ದೂ ಕ್ಲಿಪ್ಪು ಮುರಿಯುವುದುಂಟು. ಆಗ ಬುಡದ ಮೂಲೆಯನ್ನು ನೋಡಬೇಕು. ತೋಳು ಗೋಡೆಗೆ ಕೂಡುವಲ್ಲಿ ಮೂಲೆ ಚೂಪಾಗಿದ್ದರೆ ಎಲ್ಲ ಎಳೆತವೂ ಅಲ್ಲೇ ಗುಂಪುಗೂಡುತ್ತದೆ. ದಪ್ಪದ ಅರ್ಧದಷ್ಟು ತ್ರಿಜ್ಯದ ದುಂಡುತನ ಕೊಟ್ಟರೆ ಈ ಕಾಟ ಬಹುಪಾಲು ತಪ್ಪುತ್ತದೆ. ತೀರಾ ಹೆಚ್ಚು ದುಂಡಗೆ ಮಾಡಿದರೆ ಅಲ್ಲಿ ಪ್ಲಾಸ್ಟಿಕ್ಕು ದಪ್ಪವಾಗಿ ಕೂತು, ಆರುವಾಗ ಕುಗ್ಗಿ, ಹೊರಮೈಯಲ್ಲಿ ಗುಳಿ ಬೀಳುತ್ತದೆ. ಹಾಕಿ ತೆಗೆದ ಮೇಲೆ ಬುಡದಲ್ಲಿ ಬಿಳಿ ಗೆರೆ ಕಂಡರೆ ಎಬಿಎಸ್ ಒಳಗೊಳಗೇ ಬಿರಿಯಲು ಶುರುವಾಗಿದೆ ಎಂದೇ ಅರ್ಥ. ಇನ್ನೊಂದು ಎಚ್ಚರ: ಮುಚ್ಚಳ ಕೂತ ಮೇಲೆ ತೋಳು ಬಾಗಿದ ಸ್ಥಿತಿಯಲ್ಲೇ ಉಳಿಯಬಾರದು. ತಿಂಗಳುಗಟ್ಟಲೆ ಬಾಗಿಸಿಟ್ಟ ಪ್ಲಾಸ್ಟಿಕ್ಕು ಆ ಆಕಾರಕ್ಕೇ ಒಗ್ಗಿಕೊಂಡು ಹಿಡಿತ ಸಡಿಲಿಸುತ್ತದೆ.

ಇನ್ನು ಶಾಂಪೂ ಮುಚ್ಚಳಕ್ಕೆ ಬರೋಣ. ಈ ಬಗೆಯ ಪಟ್ಟಿಗೆ ಲಿವಿಂಗ್ ಹಿಂಜ್ ಎನ್ನುತ್ತಾರೆ. ಅದು 0.3 ಮಿ.ಮೀ. ದಪ್ಪವಿದ್ದು, 1.5 ಮಿ.ಮೀ. ಅಗಲದ ಜಾಗದಲ್ಲಿ ಪೂರ್ತಿ ಮಡಚಿಕೊಂಡರೆ ಹೊರಮೈ ಶೇ. 30ಕ್ಕೂ ಹೆಚ್ಚು ಹಿಗ್ಗಬೇಕು. ಎಬಿಎಸ್ ಆಗಿದ್ದರೆ ಕೆಲವೇ ಮಡಿಕೆಗಳಲ್ಲಿ ಎರಡು ತುಂಡು. ಇಲ್ಲಿ ಉದ್ದ-ದಪ್ಪದ ಜಾಣತನ ಸಾಕಾಗದು, ವಸ್ತುವೇ ಬೇರೆಯಾಗಬೇಕು. ಆ ವಸ್ತು ಪಾಲಿಪ್ರೊಪಿಲೀನ್. ಇಟಲಿಯ ಜ್ಯೂಲಿಯೋ ನಾಟಾ 1954ರಲ್ಲಿ ಅದನ್ನು ತಯಾರಿಸಿದರು. ನಮ್ಮ ಮೋಲ್ಡಿಂಗ್ ಶಾಪುಗಳಲ್ಲಿ ಅದರ ಹೆಸರು ಬರೀ ‘ಪಿಪಿ’. ಮುಚ್ಚಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿ ಇದ್ದರೆ ಅದು ಪಿಪಿ.

ಪಿಪಿ ಹರಿಯದಿರುವ ಗುಟ್ಟು ಅದು ಅಚ್ಚಿನಲ್ಲಿ ಹರಿದು ಬಂದ ಬಗೆಯಲ್ಲಿದೆ. ಕರಗಿದ ಪಿಪಿ ಒಂದು ಭಾಗದಿಂದ ಹೊರಟು, ಆ ತೆಳು ಸಂದಿಯಲ್ಲಿ ನುಗ್ಗಿ, ಇನ್ನೊಂದು ಭಾಗವನ್ನು ತುಂಬುತ್ತದೆ. ನುಗ್ಗುವಾಗ ಅದರ ಉದ್ದುದ್ದ ಅಣುಸರಪಳಿಗಳು ಮಡಿಕೆಯ ಗೆರೆಗೆ ಅಡ್ಡಲಾಗಿ ಸಾಲುಗೊಳ್ಳುತ್ತವೆ. ಅಚ್ಚಿನಿಂದ ಹೊರಬಂದು ಇನ್ನೂ ಬಿಸಿಯಿರುವಾಗಲೇ ಒಮ್ಮೆ ಮಡಚಿದರೆ ಅವು ಇನ್ನಷ್ಟು ಎಳೆದುಕೊಂಡು ಬಿಗಿಯುತ್ತವೆ. ಆ ಮೊದಲ ಮಡಿಕೆಯನ್ನು ಗಿರಾಕಿಗೆ ಬಿಡಬಾರದು. ಅದನ್ನು ಕಾರ್ಖಾನೆಯಲ್ಲೇ ಕೈಯಿಂದಲೋ ಯಂತ್ರದಿಂದಲೋ ಮಾಡಿ ಮುಗಿಸಬೇಕು. ಹೀಗೆ ಸರಿಯಾಗಿ ಮಾಡಿದ ಹಿಂಜು ಲಕ್ಷಗಟ್ಟಲೆ ಸಲ ಮಡಚಿದರೂ ತಾಳುತ್ತದೆ.

ಹಾಗಾದರೆ ಪಿಪಿ ಮುಚ್ಚಳಗಳೂ ಕೆಲವೊಮ್ಮೆ ಕಿತ್ತು ಕೈಗೆ ಬರುವುದೇಕೆ? ಅಚ್ಚಿಗೆ ಎರಡೂ ಕಡೆಯಿಂದ ಪ್ಲಾಸ್ಟಿಕ್ ಬಿಟ್ಟಿದ್ದರೆ ಎರಡು ಹರಿವುಗಳು ಹಿಂಜಿನಲ್ಲೇ ಎದುರುಬದುರಾಗಿ ಅರೆಬರೆ ಬೆಸೆಯುತ್ತವೆ. ಹೊಸ ಮುಚ್ಚಳ ಕೆಲವೇ ದಿನಗಳಲ್ಲಿ ನೇರ ಗೆರೆಯಲ್ಲಿ ಬಿಟ್ಟುಕೊಂಡರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಪಟ್ಟಿ ತೀರಾ ತೆಳುವಾದರೆ ಆಚೆ ಬದಿ ಸರಿಯಾಗಿ ತುಂಬುವುದಿಲ್ಲ, ಅರ್ಧ ಮಿಲಿಮೀಟರು ದಾಟಿದರೆ ಮಡಚುವಾಗ ಸೀಳುತ್ತದೆ. ಸಾಮಾನ್ಯ ಪಿಪಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಪೆಡಸಾಗುತ್ತದೆ, ಹಾಗಾಗಿ ಫ್ರೀಜರಿನಿಂದ ತೆಗೆದ ಡಬ್ಬಿಯ ಮುಚ್ಚಳವನ್ನು ತಕ್ಷಣ ತಿರುಚಿ ತೆರೆಯಬಾರದು. ಬಿಸಿಲೂ ಅದಕ್ಕೆ ಆಗದು.

ಇಷ್ಟೊಳ್ಳೆಯ ಪಿಪಿಯಲ್ಲೇ ರಿಮೋಟನ್ನೂ ಮಾಡಬಹುದಲ್ಲ ಎನ್ನುವವರಿಗೆ ಉತ್ತರ: ಮಾಡಬಹುದು, ಆದರೆ ಅದು ಮೆತ್ತಗೆ. ಕ್ಲಿಪ್ಪು ಮುರಿಯದಿದ್ದರೂ ಬಿಗಿಯಾಗಿ ಹಿಡಿಯುವುದಿಲ್ಲ. ಆರುವಾಗ ಎಬಿಎಸ್‌ಗಿಂತ ಹೆಚ್ಚು ಕುಗ್ಗುವುದರಿಂದ ಅಂಚಿಗೆ ಅಂಚು ಕೂಡಿಸುವುದೂ ಕಷ್ಟ.

ಮನೆಯಲ್ಲೇ 3ಡಿ ಪ್ರಿಂಟರಿನಲ್ಲಿ ಮುಚ್ಚಳ ಮಾಡಿಕೊಳ್ಳುವವರಿಗೆ ಎರಡು ಮಾತು. ಕ್ಲಿಪ್ಪನ್ನು ನಿಲ್ಲಿಸಿ ಪ್ರಿಂಟ್ ಮಾಡಬೇಡಿ, ಮಲಗಿಸಿ ಮಾಡಿ. ಪದರಗಳು ತೋಳಿನ ಉದ್ದಕ್ಕೂ ಸಾಗಬೇಕು, ಇಲ್ಲದಿದ್ದರೆ ಪದರ ಪದರವೇ ಬಿಟ್ಟುಕೊಳ್ಳುತ್ತದೆ. ಪಿಎಲ್‌ಎಯಲ್ಲಿ ಲಿವಿಂಗ್ ಹಿಂಜಿನ ಪ್ರಯತ್ನವೇ ಬೇಡ, ಒಂದು ತಂತಿ ತೂರಿಸಿ ಮಾಮೂಲಿ ಕೀಲು ಮಾಡಿಕೊಳ್ಳಿ.