ತೇವಾಂಶ ಮಾಪಕದ ಪರೀಕ್ಷೆಗೆ ಅಡಿಗೆ ಉಪ್ಪು: ಎಷ್ಟು ಹೊತ್ತು ಕಾಯಬೇಕು?

ನಾಲ್ಕನೇ ಜ್ವರದಿಂದ ಎದ್ದ ರೇಷ್ಮೆ ಹುಳುಗಳಿಗೆ ಸಾಕಣೆ ಮನೆಯಲ್ಲಿ ಶೇಕಡ 65ರಿಂದ 70ರಷ್ಟು ತೇವಾಂಶವಿರಬೇಕು. ಗೋಡೆಗೆ ನೇತುಹಾಕಿದ ಮಾಪಕ 62 ಎಂದು ತೋರಿಸಿದರೆ ನೀವು ನೆಲಕ್ಕೆ ನೀರು ಚಿಮುಕಿಸುತ್ತೀರಿ, ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟುತ್ತೀರಿ. ಆದರೆ ಮಾಪಕವೇ ನಾಲ್ಕು ಅಂಶ ಕಡಿಮೆ ತೋರಿಸುತ್ತಿದ್ದರೆ ಮನೆಯಲ್ಲಿ ಆಗಲೇ 66ರಷ್ಟು ತೇವಾಂಶ ಇತ್ತು. ನೀವು ಹಾಕಿದ ನೀರಿನಿಂದ ಹಾಸಿಗೆ ಆರದೆ, ಸುಣ್ಣಕಟ್ಟು ರೋಗಕ್ಕೆ ದಾರಿಯಾಗುತ್ತದೆ. ಮಾಪಕ ಹೆಚ್ಚು ತೋರಿಸುತ್ತಿದ್ದರೆ ಸೊಪ್ಪು ಬೇಗ ಬಾಡಿ, ಹುಳುಗಳು ಅರೆಹೊಟ್ಟೆಯಲ್ಲಿ ಉಳಿಯುತ್ತವೆ.

ಈಗ ಬಳಕೆಯಲ್ಲಿರುವ ಬ್ಯಾಟರಿ ಮಾಪಕದೊಳಗೆ ಗಾಳಿಯ ತೇವವನ್ನು ಹೀರುವ ತೆಳುವಾದ ಪೊರೆಯೊಂದಿದೆ. ಧೂಳು, ಸೋಂಕು ನಿವಾರಕ ಔಷಧಿಗಳ ಆವಿ ಮತ್ತು ವಯಸ್ಸಿನಿಂದ ಅದರ ಲೆಕ್ಕ ತಪ್ಪುತ್ತದೆ. ಈ ತಪ್ಪು ಎಷ್ಟೆಂದು ಅಡಿಗೆ ಉಪ್ಪಿನಿಂದಲೇ ತಿಳಿಯಬಹುದು.

ಉಪ್ಪಿನ ಗುಣ

ಮುಚ್ಚಿದ ಪಾತ್ರೆಯಲ್ಲಿ ಒದ್ದೆ ಉಪ್ಪನ್ನಿಟ್ಟರೆ ಅದರ ಮೇಲಿನ ಗಾಳಿ ಶೇಕಡ 75ರ ತೇವಾಂಶಕ್ಕೆ ಬಂದು ನಿಲ್ಲುತ್ತದೆ. ಗಾಳಿ ಒಣಗಿದ್ದರೆ ಉಪ್ಪುನೀರಿನಿಂದ ಆವಿ ಏಳುತ್ತದೆ, ಸ್ವಲ್ಪ ಉಪ್ಪು ಹರಳಾಗಿ ಉಳಿಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಉಪ್ಪುನೀರು ಅದನ್ನು ಹೀರುತ್ತದೆ, ಒಂದಿಷ್ಟು ಹರಳು ಕರಗುತ್ತದೆ. ಹರಳು ಮತ್ತು ನೀರು ಎರಡೂ ಇರುವವರೆಗೆ ದ್ರಾವಣದ ಸಾಂದ್ರತೆ ಬದಲಾಗುವುದಿಲ್ಲ, ಆದ್ದರಿಂದ ಗಾಳಿಯ ತೇವಾಂಶವೂ ಬದಲಾಗುವುದಿಲ್ಲ. 1977ರಲ್ಲಿ ಅಮೆರಿಕದ ಗ್ರೀನ್‌ಸ್ಪಾನ್ ಎಂಬ ವಿಜ್ಞಾನಿ ಪ್ರಕಟಿಸಿದ ಕೋಷ್ಟಕದ ಪ್ರಕಾರ ಇದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 75.5, 30 ಡಿಗ್ರಿಯಲ್ಲಿ 75.1. ನಮ್ಮ ಕೆಲಸಕ್ಕೆ ಎರಡೂ 75 ಎಂದೇ ಇಟ್ಟುಕೊಳ್ಳಬಹುದು.

ಮಾಡುವ ಕ್ರಮ

ಸುಮಾರು ಒಂದು ಲೀಟರು ಹಿಡಿಸುವ, ಅಗಲ ಬಾಯಿಯ, ಮುಚ್ಚಳ ಬಿಗಿಯಾದ ಗಾಜಿನ ಜಾಡಿ ತೆಗೆದುಕೊಳ್ಳಿ. ಅಗಲವಾದ ಪ್ಲಾಸ್ಟಿಕ್ ಬಟ್ಟಲಿನಲ್ಲಿ ನಾಲ್ಕು ಚಮಚ ಪುಡಿ ಉಪ್ಪು ಹಾಕಿ, ಒಂದು ಚಮಚಕ್ಕಿಂತ ಸ್ವಲ್ಪ ಹೆಚ್ಚು ನೀರು ಬೆರೆಸಿರಿ. ಮಿಶ್ರಣ ಒದ್ದೆ ಮರಳಿನಂತಿರಬೇಕು. ಹರಳು ಕಾಣದಂತೆ ಎಲ್ಲವೂ ಕರಗಿ ನೀರಾದರೆ ತೇವಾಂಶ 75ಕ್ಕಿಂತ ಮೇಲೇರಿಬಿಡುತ್ತದೆ. ಶುದ್ಧೀಕರಿಸದ ಕಲ್ಲುಪ್ಪು ಬೇಡ. ಅದರಲ್ಲಿರುವ ಮೆಗ್ನೀಸಿಯಂ ಲವಣವು ತೇವಾಂಶವನ್ನು 75ಕ್ಕಿಂತ ಕೆಳಗೆ ಎಳೆಯುತ್ತದೆ.

ಬಟ್ಟಲನ್ನು ಜಾಡಿಯಲ್ಲಿಟ್ಟು, ಮಾಪಕವನ್ನು ಉಪ್ಪಿಗೆ ತಾಗದಂತೆ ಪಕ್ಕದಲ್ಲಿ ನಿಲ್ಲಿಸಿ. ಅಂಕಿಗಳು ಹೊರಗಿನಿಂದಲೇ ಕಾಣುವಂತಿರಲಿ. ಒಳಗೆ ಬಟ್ಟೆ, ಕಾಗದ, ಮರದ ಚೂರು ಯಾವುದೂ ಇರಬಾರದು, ಏಕೆಂದರೆ ಇವು ಬಹಳ ನೀರು ಹೀರುತ್ತವೆ. ಒದ್ದೆ ಬತ್ತಿಯ ಉಷ್ಣಮಾಪಕವನ್ನು ಈ ವಿಧಾನದಿಂದ ಪರೀಕ್ಷಿಸಲಾಗದು. ಅದರ ಬತ್ತಿಯೇ ಜಾಡಿಗೆ ನೀರು ಸೇರಿಸುತ್ತದೆ.

ತಡವೇಕೆ?

ಒಂದು ಗಂಟೆ ಸಾಕೆಂದು ಹಲವರು ಭಾವಿಸುತ್ತಾರೆ. ಒಂದು ಲೀಟರು ಗಾಳಿಯನ್ನು 75ಕ್ಕೆ ತರಲು ಬೇಕಾದ ಆವಿ ಬಹಳ ಕಡಿಮೆ, ಅರ್ಧ ಹನಿ ನೀರಿಗಿಂತಲೂ ಕಡಿಮೆ. ಪೊರೆಯೂ ನಿಮಿಷಗಳಲ್ಲೇ ಗಾಳಿಗೆ ಹೊಂದಿಕೊಳ್ಳುತ್ತದೆ. ಆದರೂ ತಡವಾಗುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಜಾಡಿಯ ಗಾಳಿ ಅಲುಗಾಡುವುದಿಲ್ಲ, ಆದ್ದರಿಂದ ಆವಿ ನಿಧಾನವಾಗಿ ಹರಡುತ್ತದೆ. ಎರಡನೆಯದು, ಮಾಪಕದ ಪ್ಲಾಸ್ಟಿಕ್ ಕವಚ ತಾನೂ ನೀರು ಕುಡಿಯುತ್ತದೆ, ಮತ್ತು ಗಾಳಿಯಲ್ಲಿರುವುದಕ್ಕಿಂತ ಹೆಚ್ಚು ನೀರನ್ನು ಹಿಡಿದಿಡಬಲ್ಲದು. ಕವಚದ ದಾಹ ತೀರುವವರೆಗೆ ಪೊರೆಯ ಸುತ್ತಲಿನ ಗಾಳಿ 75 ಮುಟ್ಟುವುದಿಲ್ಲ.

ಒಂದು ಉದಾಹರಣೆ ನೋಡೋಣ. ಸಂಜೆ 6 ಗಂಟೆಗೆ ಜಾಡಿಗೆ ಹಾಕಿದಾಗ ಮಾಪಕ 52 ತೋರಿಸಿತೆನ್ನಿ. 7 ಗಂಟೆಗೆ 61, 8ಕ್ಕೆ 66, 9ಕ್ಕೆ 68, 10ಕ್ಕೆ 69. ಕೊನೆಯ ಗಂಟೆಯಲ್ಲಿ ಒಂದೇ ಅಂಶ ಏರಿದೆ, ಇನ್ನು ಮುಗಿಯಿತೆಂದು ತೋರುತ್ತದೆ. ಇಲ್ಲಿಗೇ ನಿಲ್ಲಿಸಿದರೆ ಮಾಪಕ 6 ಅಂಶ ಕಡಿಮೆ ತೋರಿಸುತ್ತದೆಂದು ಬರೆದುಕೊಳ್ಳುತ್ತೀರಿ. ಆದರೆ ಬೆಳಿಗ್ಗೆ 6ಕ್ಕೆ ಅದು 71, 8ಕ್ಕೆ 71, 10ಕ್ಕೂ 71. ನಿಜವಾದ ತಪ್ಪು 4 ಅಂಶ ಮಾತ್ರ. ಬಾಕಿ ಎರಡು ಅಂಶ ಮಾಪಕದ ತಪ್ಪಲ್ಲ, ನಮ್ಮ ಆತುರದ್ದು.

ಆದ್ದರಿಂದ ಇಷ್ಟೇ ಗಂಟೆ ಎಂದು ಗೊತ್ತುಮಾಡಿಕೊಳ್ಳಬೇಡಿ. ಮೊದಲು ಒಂದು ರಾತ್ರಿ ಮುಟ್ಟದೆ ಬಿಡಿ. ಅನಂತರ ಎರಡೆರಡು ಗಂಟೆಗೊಮ್ಮೆ ಓದಿ ಬರೆಯಿರಿ. ಮೂರು ಓದುಗಳು ಒಂದೇ ಆಗಿದ್ದರೆ ಸಮತೋಲನ ಬಂದಿದೆ. ಇಲ್ಲವಾದರೆ ಇನ್ನೊಂದು ದಿನ ಬಿಡಿ. ಮಧ್ಯದಲ್ಲಿ ಮುಚ್ಚಳ ತೆರೆದರೆ ಲೆಕ್ಕ ಮತ್ತೆ ಮೊದಲಿನಿಂದ ಶುರು.

ಸಂಶಯ ಉಳಿದರೆ ಇನ್ನೊಂದು ದಾರಿಯಿದೆ. ಮಾಪಕವನ್ನು ಒದ್ದೆ ಬಟ್ಟೆಯಿರುವ ಡಬ್ಬಿಯಲ್ಲಿ, ಬಟ್ಟೆಗೆ ತಾಗದಂತೆ ಎರಡು ಗಂಟೆ ಇಟ್ಟು, ಓದು 85 ದಾಟಿದ ಮೇಲೆ ಉಪ್ಪಿನ ಜಾಡಿಗೆ ಹಾಕಿ. ಈ ಸಲ ಓದು ಮೇಲಿನಿಂದ ಇಳಿದು ಬರುತ್ತದೆ. ಇಳಿದು ನಿಂತ ಅಂಕಿಯೂ ಏರಿ ನಿಂತ ಅಂಕಿಯೂ ಒಂದೆರಡು ಅಂಶದೊಳಗೆ ಕೂಡಿಕೊಂಡರೆ ಪರೀಕ್ಷೆ ನಂಬಬಹುದಾದದ್ದು. ಅಂತರ ದೊಡ್ಡದಿದ್ದರೆ ನೀವು ಸಾಕಷ್ಟು ಕಾದಿಲ್ಲ.

ಉಷ್ಣಾಂಶದ ಮೋಸ

ಎಷ್ಟು ಕಾದರೂ ಓದು ನಿಲ್ಲದೆ ಮೇಲೆ ಕೆಳಗೆ ಆಡುತ್ತಿದ್ದರೆ ಜಾಡಿ ಇಟ್ಟ ಜಾಗವನ್ನು ನೋಡಿ. ಉಪ್ಪು ಮತ್ತು ಮಾಪಕ ಒಂದೇ ಉಷ್ಣಾಂಶದಲ್ಲಿರಬೇಕು. ಮಾಪಕ ಉಪ್ಪಿಗಿಂತ ಒಂದೇ ಡಿಗ್ರಿ ಬೆಚ್ಚಗಿದ್ದರೂ ಅದು ಸುಮಾರು ನಾಲ್ಕು ಅಂಶ ಕಡಿಮೆ ಓದುತ್ತದೆ. ಬಿಸಿಲು ಬೀಳುವ ಕಿಟಕಿ, ಒಲೆಯ ಪಕ್ಕ, ಫ್ರಿಜ್ಜಿನ ತಲೆ ಸಲ್ಲದು. ಮನೆಯ ನಡುಭಾಗದ ಕತ್ತಲೆಯ ಮೂಲೆಯಲ್ಲಿ, ಜಾಡಿಯ ಮೇಲೆ ಕಂಬಳಿ ಹೊದಿಸಿಡಿ. ಉಪ್ಪು ಕರಗುವಾಗ ಸ್ವಲ್ಪ ತಣ್ಣಗಾಗುವುದರಿಂದ, ಮಿಶ್ರಣ ಕಲಸಿ ಒಂದು ಗಂಟೆಯ ನಂತರ ಜಾಡಿಯಲ್ಲಿಡುವುದು ಒಳ್ಳೆಯದು. ಗಾಜಿನ ಒಳಮೈಯಲ್ಲಿ ಬೆವರು ಕಂಡರೆ ಹೊರಗೆ ಬೇಗ ತಣ್ಣಗಾಗಿದೆ ಎಂದರ್ಥ. ಆ ಬೆವರು ಆರುವವರೆಗಿನ ಓದುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ತಿದ್ದುಪಡಿಯ ಬಳಕೆ

ನಮ್ಮ ಉದಾಹರಣೆಯ ಮಾಪಕ 71 ತೋರಿಸಿದಾಗ ನಿಜ 75. ಅದರ ಬೆನ್ನಿಗೆ ಚೀಟಿ ಅಂಟಿಸಿ, "4 ಕೂಡಿಸಿ" ಎಂದು ತಾರೀಖಿನೊಡನೆ ಬರೆಯಿರಿ. ದೊಡ್ಡ ಹುಳುಗಳ ಮನೆಯಲ್ಲಿ ಅದು 61ರಿಂದ 66ರವರೆಗೆ ತೋರಿಸುತ್ತಿದ್ದರೆ ಸರಿಯಾಗಿದೆ. 62ಕ್ಕೆ ನೀರು ಚಿಮುಕಿಸುವ ಅಗತ್ಯವಿಲ್ಲ, 68ಕ್ಕೆ ಕಿಟಕಿ ತೆರೆಯಬೇಕು.

ಈ ತಿದ್ದುಪಡಿ 75ರ ಆಸುಪಾಸಿಗೆ ಮಾತ್ರ. ಚಾಕಿ ಹುಳುಗಳಿಗೆ ಬೇಕಾದ 85ರಿಂದ 90ರಲ್ಲಿ ಅದೇ ಮಾಪಕದ ತಪ್ಪು ಬೇರೆಯಾಗಿರಬಹುದು. ಅಲ್ಲಿಗೆ ಪ್ರಯೋಗಾಲಯದ ಶುದ್ಧ ಪೊಟ್ಯಾಷಿಯಂ ಕ್ಲೋರೈಡನ್ನು ಇದೇ ಕ್ರಮದಲ್ಲಿ ಬಳಸಿರಿ. ಅದು 25 ಡಿಗ್ರಿಯಲ್ಲಿ 84ಕ್ಕೆ ನಿಲ್ಲುತ್ತದೆ. ಗೊಬ್ಬರದ ಚೀಲದ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅದೇ ಲವಣವಾದರೂ ಅದರಲ್ಲಿ ಅಡಿಗೆ ಉಪ್ಪು ಬೆರೆತಿರುವುದರಿಂದ ಈ ಕೆಲಸಕ್ಕೆ ಬಾರದು.

ಪರೀಕ್ಷೆ ಮುಗಿದೊಡನೆ ಮಾಪಕವನ್ನು ಹೊರತೆಗೆಯಿರಿ. ವಾರಗಟ್ಟಲೆ ಬಿಟ್ಟರೆ ಉಪ್ಪು ಬಟ್ಟಲಿನ ಅಂಚು ಹತ್ತಿ ಹರಡಿ, ಮಾಪಕದ ರಂಧ್ರಗಳಿಗೆ ಸೇರುತ್ತದೆ.